ನೂರು ದಿನ ಆಮೇಲೆ, ಮೊದಲು ತಾರೀಖು ಹಾಕಿ ರಸೀದಿ ಕೊಡಿ

ಕಳೆದ ತಿಂಗಳು ಎನ್‌ಎಸ್‌ಎಸ್‌ನವರು ನಮ್ಮ ಕನ್ನಡ ಬಳಗಕ್ಕೆ ಒಂದು ಕೆಲಸ ಕೊಟ್ಟರು. ಸೆಪ್ಟೆಂಬರ್ ಕ್ಯಾಂಪಿಗೆ ಹೋಗುವ ಹಳ್ಳಿಯಲ್ಲಿ ಕೂಲಿ ಕಾರ್ಮಿಕರಿಗೆ ಹಂಚೋಕೆ ಉದ್ಯೋಗ ಖಾತರಿ ಯೋಜನೆಯ ನಿಯಮಗಳನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದುಕೊಡಬೇಕು. ಜಾಬ್ ಕಾರ್ಡ್ ಹೇಗೆ ಸಿಗುತ್ತೆ, ಕೂಲಿ ಯಾವಾಗ ಬರುತ್ತೆ, ಇಷ್ಟೇ ವಿಷಯ. ನಾವು ನಾಲ್ಕು ಜನ ಒಪ್ಪಿಕೊಂಡೆವು. ಇಂಟರ್ನಲ್ಸ್ ಮುಗಿದಿತ್ತು, ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆವು.

ನಿಜವಾಗಿ ಒಂದೇ ಸಂಜೆಯಲ್ಲಿ ಮುಗಿಯಿತು ಕೂಡ. ಇಂಗ್ಲಿಷ್‌ನಲ್ಲಿ ಸಿಕ್ಕಿದ್ದನ್ನು ಓದಿ, ಕಷ್ಟಪಟ್ಟು ಕನ್ನಡಕ್ಕೆ ತಂದೆವು. ಮೊದಲ ಸಾಲು ಹೀಗಿತ್ತು: 'ಪ್ರತಿ ಗ್ರಾಮೀಣ ಕುಟುಂಬಕ್ಕೆ ಆರ್ಥಿಕ ವರ್ಷವೊಂದರಲ್ಲಿ 100 ದಿನಗಳ ಅಕುಶಲ ದೈಹಿಕ ಉದ್ಯೋಗದ ಖಾತರಿ'. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ 'ಅಕುಶಲ ದೈಹಿಕ' ಅಂತ ಬರೆದಿದ್ದೇ ದೊಡ್ಡ ಸಾಧನೆ ಅನ್ನಿಸಿತ್ತು.

ಮರುದಿನ ಕ್ಯಾಂಟೀನಿನಲ್ಲಿ ಇದನ್ನು ಓದುತ್ತಿದ್ದಾಗ, ಒಂದೂವರೆ ವರ್ಷದಿಂದ ನಮ್ಮ ಜೊತೆಗೇ ಇರುವ ಗೆಳೆಯನೊಬ್ಬ ಹೇಳಿದ, "ನಮ್ಮವ್ವ ಖಾತ್ರಿ ಕೆಲಸಕ್ಕ ಹೋಗ್ತಾಳ. ಆಕಿಗೆ ಓದಿ ಹೇಳ್ಲೇನು?" ಅವನ ಊರು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಫೋನ್ ಸ್ಪೀಕರಿನಲ್ಲಿ ಇಟ್ಟು ಪೂರ್ತಿ ಪುಟ ಓದಿದ. ಅವನ ಅವ್ವ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಅಂದರು, "ಅದೆಲ್ಲಾ ಖರೆ ಇರಬೇಕಪ್ಪ. ಆದ್ರ ನಾ ಕೆಲ್ಸ ಕೇಳಿ ಎಷ್ಟು ದಿನಕ್ಕ ಕೊಡಬೇಕು, ರೊಕ್ಕ ಯಾವಾಗ ಬರಬೇಕು, ಬರಲಿಲ್ಲಂದ್ರ ಯಾರನ್ನ ಕೇಳಬೇಕು, ಅದು ಎಲ್ಲೈತಿ?"

ಇತ್ತು, ಆದರೆ ಎಂಟನೇ ಮತ್ತು ಹನ್ನೊಂದನೇ ಪಾಯಿಂಟಿನಲ್ಲಿ ಎಲ್ಲೋ ಹೂತುಹೋಗಿತ್ತು. ಆಮೇಲೆ ಅವರು ತಮ್ಮ ಈ ವರ್ಷದ ಕಥೆ ಹೇಳಿದರು. ಅದನ್ನು ಕೇಳಿದ ಮೇಲೆ ನಮ್ಮ ಪುಟವನ್ನು ಹರಿದು ಹಾಕಿ ಮತ್ತೆ ಬರೆದೆವು. ಈ ಲೇಖನ ಆ ಕಥೆಯ ಬಗ್ಗೆ, ಮತ್ತು ಅದರಿಂದ ನಮಗೆ ಬಂದಿರುವ ಒಂದು ಅಭಿಪ್ರಾಯದ ಬಗ್ಗೆ. ಉದ್ಯೋಗ ಖಾತರಿಯನ್ನು ಕಾರ್ಮಿಕರಿಗೆ ವಿವರಿಸುವಾಗ ನೂರು ದಿನದಿಂದ ಶುರು ಮಾಡಬಾರದು, ತಾರೀಖಿನಿಂದ ಶುರು ಮಾಡಬೇಕು ಅನ್ನುವುದೇ ಆ ಅಭಿಪ್ರಾಯ. ತಾರೀಖು ಕೈಯಲ್ಲಿ ಇಲ್ಲದವರಿಗೆ ಈ ಕಾನೂನಿನಲ್ಲಿ ಬರೆದಿರುವ ಹಕ್ಕುಗಳಲ್ಲಿ ಅರ್ಧಕ್ಕರ್ಧ ಇದ್ದೂ ಇಲ್ಲದಂತೆ.

ಕೇಳಿದ ದಿನ

ಮೊದಲು ಜಾಬ್ ಕಾರ್ಡ್. ಕನ್ನಡದಲ್ಲಿ ಇದನ್ನು ಉದ್ಯೋಗ ಚೀಟಿ ಅಂತಾರೆ. ಹಳ್ಳಿಯಲ್ಲಿರುವ, ಕೂಲಿ ಕೆಲಸ ಮಾಡಲು ಸಿದ್ಧವಿರುವ ವಯಸ್ಕರು ಇರುವ ಯಾವ ಕುಟುಂಬ ಬೇಕಾದರೂ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಬಹುದು. ಅರ್ಜಿ ಕೊಟ್ಟ 15 ದಿನದೊಳಗೆ ಕಾರ್ಡ್ ಕೊಡಬೇಕು. ದುಡ್ಡು ಕೊಡಬೇಕಾಗಿಲ್ಲ, ಫೋಟೋ ಖರ್ಚೂ ಅವರದಲ್ಲ. ಕಾರ್ಡ್ ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ, ಮನೆಗೆ ಒಂದು. ಹಾಗಾಗಿ ನೂರು ದಿನವೂ ಇಡೀ ಮನೆಗೆ ಸೇರಿದ್ದು. ಗಂಡ 60 ದಿನ ಹೋದರೆ ಹೆಂಡತಿಗೆ ಉಳಿಯುವುದು 40.

ಕಾರ್ಡ್ ಇರಬೇಕಾದದ್ದು ಆ ಮನೆಯಲ್ಲೇ. ಪಂಚಾಯಿತಿ ಸಿಬ್ಬಂದಿಯಾಗಲಿ, ಮೇಸ್ತ್ರಿಯಾಗಲಿ, ಊರಿನ ಮುಖಂಡರಾಗಲಿ "ನನ್ನ ಹತ್ರ ಇರ್ಲಿ ಬಿಡು, ನಾನೇ ನೋಡ್ಕೋತೀನಿ" ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಹಾಗೆ ಇಟ್ಟುಕೊಳ್ಳುವುದು ಕಾಯ್ದೆಯ ಉಲ್ಲಂಘನೆ. ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ 1000 ರೂಪಾಯಿವರೆಗೆ ದಂಡ ಹಾಕಬಹುದು.

ಗೆಳೆಯನ ಮನೆಯಲ್ಲಿ ಕಾರ್ಡ್ ಇತ್ತು, ಅವರ ಟ್ರಂಕಿನಲ್ಲೇ ಇತ್ತು. ಇಲ್ಲಿವರೆಗೆ ಎಲ್ಲಾ ಸರಿ. ಆದರೆ ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿರುವ ಹಾಗೆ, ಕಾರ್ಡ್ ಇದ್ದ ಮಾತ್ರಕ್ಕೆ ಕೆಲಸ ಬರಲ್ಲ. ಪ್ರತಿ ಸಲ ಕೆಲಸ ಬೇಕು ಅಂತ ಕೇಳಬೇಕು. ಕರ್ನಾಟಕದಲ್ಲಿ ಇದಕ್ಕೆ ನಮೂನೆ 6 ಅಂತಾರೆ. ಅದು ಕೆಲಸದ ಬೇಡಿಕೆಯ ಅರ್ಜಿ. ಒಬ್ಬರೇ ಕೊಡಬಹುದು, ಗುಂಪಾಗಿಯೂ ಕೊಡಬಹುದು. ಅರ್ಜಿ ತಗೊಂಡವರು ತಾರೀಖು ಹಾಕಿದ ರಸೀದಿ ಕೊಡಲೇಬೇಕು. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಸಿಗಬೇಕು. ಸಿಗದಿದ್ದರೆ 16ನೇ ದಿನದಿಂದ ರಾಜ್ಯ ಸರ್ಕಾರ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕನಿಷ್ಠ ಕಾಲು ಭಾಗ ಕೂಲಿ, ಆಮೇಲೆ ಕನಿಷ್ಠ ಅರ್ಧ.

ಈಗ ಅವನ ಅವ್ವನ ಲೆಕ್ಕ ನೋಡಿ. ಯುಗಾದಿ ಮುಗಿದ ಮುಂದಿನ ವಾರ, ಏಪ್ರಿಲ್ 7ರಂದು, ಪಂಚಾಯಿತಿಗೆ ಹೋಗಿ ಕೆಲಸ ಕೇಳಿದರು. "ಆಯ್ತವ್ವಾ, ಹೆಸರು ಬರ್ಕೊಂಡೀವಿ, ಹೇಳ್ತೀವಿ" ಅಂದರು. ರಸೀದಿ ಕೊಡಲಿಲ್ಲ. ಇವರೂ ಕೇಳಲಿಲ್ಲ, ಕೇಳಬೇಕು ಅಂತ ಗೊತ್ತಿರಲಿಲ್ಲ. ಕೆಲಸ ಶುರುವಾದದ್ದು ಮೇ 5ಕ್ಕೆ, ಊರ ಕೆರೆಯ ಹೂಳೆತ್ತುವ ಕೆಲಸ.

ಏಪ್ರಿಲ್ 7ಕ್ಕೆ 15 ದಿನ ಸೇರಿಸಿದರೆ ಏಪ್ರಿಲ್ 22. ಅಂದರೆ 23ರಿಂದ ಮೇ 4ರವರೆಗೆ ಅವರು ಕೆಲಸ ಕೇಳಿಯೂ ಸಿಗದೆ ಕೂತ ದಿನಗಳು. ಭಾನುವಾರಗಳನ್ನು ಬಿಟ್ಟರೂ 10 ದಿನ. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಅದರ ಕಾಲು ಭಾಗ 92 ರೂಪಾಯಿ 50 ಪೈಸೆ. ಹತ್ತು ದಿನಕ್ಕೆ 925 ರೂಪಾಯಿ.

ಆದರೆ ಕಂಪ್ಯೂಟರಿನಲ್ಲಿ ಇರುವುದು ಬೇರೆ. ಅಲ್ಲಿ ಅವರ ಬೇಡಿಕೆ ದಾಖಲಾದದ್ದು ಮೇ 2ಕ್ಕೆ. ಕೆಲಸ ಮಂಜೂರಾಗಿ ಹಾಜರಿ ಪಟ್ಟಿ ತೆಗೆಯುವ ಮುಂಚೆ ಎಲ್ಲರ ಹೆಸರನ್ನೂ ಒಟ್ಟಿಗೆ ಹಾಕಿದ್ದಾರೆ. ಮೇ 2ಕ್ಕೆ ಕೇಳಿದರು, ಮೇ 5ಕ್ಕೆ ಕೊಟ್ಟೆವು, ಮೂರೇ ದಿನ! ದಾಖಲೆ ನೋಡಿದವರಿಗೆ ಇದು ಬಹಳ ಚುರುಕಾದ ಪಂಚಾಯಿತಿ. 925 ರೂಪಾಯಿ ಯಾರೂ ಕದಿಯಲಿಲ್ಲ, ಯಾರೂ ತಿರಸ್ಕರಿಸಲೂ ಇಲ್ಲ. ಅದು ಹುಟ್ಟಲೇ ಇಲ್ಲ, ಅಷ್ಟೇ.

ನಮಗೆ ಇದು ಬೇಗ ಅರ್ಥವಾಯಿತು. ಅಸೈನ್‌ಮೆಂಟ್ ಕೊಟ್ಟ ದಿನವನ್ನು ನಾವು ಹೇಳುವ ಬದಲು ಮೇಷ್ಟ್ರು ತಮಗೆ ಬೇಕಾದ ದಿನ ಎಂಟ್ರಿ ಮಾಡಿದರೆ, ಲೇಟ್ ಆಗಿದ್ದು ಯಾರು ಅಂತ ಯಾವತ್ತಿಗೂ ಸಾಬೀತು ಮಾಡೋಕೆ ಆಗಲ್ಲ. ನಮಗಾದರೆ ಪೋರ್ಟಲ್‌ನಲ್ಲಿ ಟೈಮ್‌ಸ್ಟಾಂಪ್ ಇದೆ. ಅವ್ವನ ಟೈಮ್‌ಸ್ಟಾಂಪ್ ಆ ರಸೀದಿ ಒಂದೇ.

ಹಾಜರಿ ಪಟ್ಟಿ ಮುಗಿದ ದಿನ

ಮೇ 5ರಿಂದ 10ರವರೆಗೆ, ಸೋಮವಾರದಿಂದ ಶನಿವಾರ, ಆರು ದಿನ ಕೆಲಸ ಮಾಡಿದರು. ಖಾತ್ರಿ ಕೆಲಸದಲ್ಲಿ ಕೂಲಿಯನ್ನು ಅಳತೆಯ ಮೇಲೆ ಲೆಕ್ಕ ಹಾಕುತ್ತಾರೆ. ಗುಂಪು ಎಷ್ಟು ಮಣ್ಣು ತೆಗೆದಿದೆ ಅಂತ ಎಂಜಿನಿಯರ್ ಗುಂಡಿ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಅಳತೆ ಕಡಿಮೆ ಬಂದರೆ 370ಕ್ಕಿಂತ ಕಡಿಮೆ ಬೀಳುತ್ತದೆ. ಇವರ ಗುಂಪಿಗೆ ಅಳತೆ ಪೂರ್ತಿ ಬಂತು. ಆರು ದಿನಕ್ಕೆ 2220 ರೂಪಾಯಿ.

ಇದು ಯಾವಾಗ ಬರಬೇಕು? ಕಾಯ್ದೆ ಹೇಳುವುದು, ವಾರಕ್ಕೊಮ್ಮೆ ಕೊಡಬೇಕು, ಏನೇ ಆದರೂ ಹದಿನೈದು ದಿನ ಮೀರಬಾರದು. ಲೆಕ್ಕ ಶುರುವಾಗುವುದು ಆ ವಾರದ ಹಾಜರಿ ಪಟ್ಟಿ ಮುಗಿದ ದಿನದಿಂದ. ಪಂಚಾಯಿತಿ ಭಾಷೆಯಲ್ಲಿ ಇದು ಎನ್‌ಎಂಆರ್. ಅವ್ವನ ಎನ್‌ಎಂಆರ್ ಮುಗಿದದ್ದು ಮೇ 10. ಮೇ 25ರೊಳಗೆ ದುಡ್ಡು ಖಾತೆಯಲ್ಲಿ ಇರಬೇಕಿತ್ತು.

ಈ ಹದಿನೈದು ದಿನದಲ್ಲಿ ಎರಡು ಪಾಲು ಇದೆ. ಮೊದಲ 8 ದಿನ ರಾಜ್ಯದ್ದು. ಅಷ್ಟರಲ್ಲಿ ಹಾಜರಿ ಏರಿಸಿ, ಅಳತೆ ಮಾಡಿ, ಕೂಲಿ ಪಟ್ಟಿ ತಯಾರಿಸಿ, ಇಬ್ಬರು ಅಧಿಕಾರಿಗಳು ಹಣ ವರ್ಗಾವಣೆ ಆದೇಶಕ್ಕೆ ಡಿಜಿಟಲ್ ಸಹಿ ಹಾಕಬೇಕು. ಈ ಆದೇಶವನ್ನು ಎಲ್ಲರೂ ಎಫ್‌ಟಿಒ ಅಂತಲೇ ಕರೆಯುತ್ತಾರೆ. ಉಳಿದ 7 ದಿನ ಕೇಂದ್ರ ಸರ್ಕಾರದ್ದು. ಕೂಲಿಯ ದುಡ್ಡು ದಿಲ್ಲಿಯಿಂದ ನೇರವಾಗಿ ಕಾರ್ಮಿಕರ ಖಾತೆಗೆ ಹೋಗುತ್ತದೆ, ಪಂಚಾಯಿತಿಯ ಕೈಗೆ ಬರುವುದೇ ಇಲ್ಲ.

ಅವ್ವನ ಎಫ್‌ಟಿಒಗೆ ಎರಡನೇ ಸಹಿ ಬಿದ್ದದ್ದು ಮೇ 17ಕ್ಕೆ. ಅಂದರೆ ಏಳನೇ ದಿನ. ಇಲ್ಲಿ ಪಂಚಾಯಿತಿ, ತಾಲ್ಲೂಕಿನವರು ತಮ್ಮ ಕೆಲಸವನ್ನು ಟೈಮಿಗೆ ಸರಿಯಾಗಿ ಮುಗಿಸಿದ್ದಾರೆ. ಆದರೆ ಹಣ ಜಮಾ ಆದದ್ದು ಜೂನ್ 25ಕ್ಕೆ. ಮಧ್ಯದ ಐದೂವರೆ ವಾರ ಆ ದುಡ್ಡು ಕೇಂದ್ರದ ಹಂತದಲ್ಲಿ ಕೂತಿತ್ತು. ಅವ್ವ ಅಷ್ಟೂ ದಿನ ಬೈದದ್ದು ಮಾತ್ರ ಪಿಡಿಒಗೆ. ಪಿಡಿಒ ಹೇಳಿದ್ದು, "ನಮ್ ಕಡಿಂದ ಆಗೇತವ್ವಾ". ಅದು ಸುಳ್ಳಲ್ಲ. ಆದರೆ ಮತ್ತೆ ಯಾರ ಕಡೆಯಿಂದ ಆಗಿಲ್ಲ ಅಂತ ಅವ್ವನಿಗೆ ಯಾರೂ ಹೇಳಲಿಲ್ಲ.

ತಡವಾದರೆ ಪರಿಹಾರ ಇದೆ. ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ, ಹಾಜರಿ ಪಟ್ಟಿ ಮುಗಿದ 16ನೇ ದಿನ ದಾಟಿದ ಮೇಲೆ, ಬಾಕಿ ಕೂಲಿಯ ಮೇಲೆ ದಿನಕ್ಕೆ 0.05 ಶೇಕಡಾ. ಮೊದಲು ಕೇಂದ್ರದ ಹಂತದ ವಿಳಂಬವನ್ನು ಇದರ ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದು ತಪ್ಪು ಅಂದಿತು. ಕಾರ್ಮಿಕರಿಗೆ ಸಂಬಂಧಿಸಿದಂತೆ ತಡ ಅಂದರೆ ತಡ, ಯಾವ ಹಂತದಲ್ಲಾದರೂ ಪರಿಹಾರ ಕೊಡಬೇಕು ಅನ್ನುವುದು ಆ ತೀರ್ಪಿನ ಸಾರ.

ಸರಿ, ಲೆಕ್ಕ ಮಾಡೋಣ ಅಂತ ಕೂತೆವು. 2220 ರೂಪಾಯಿಗೆ 0.05 ಶೇಕಡಾ ಅಂದರೆ ದಿನಕ್ಕೆ 1 ರೂಪಾಯಿ 11 ಪೈಸೆ. ಹದಿನಾರನೇ ದಿನ ಮೇ 26. ಮೇ 27ರಿಂದ ಜೂನ್ 25ರವರೆಗೆ 30 ದಿನ. ಒಟ್ಟು 33 ರೂಪಾಯಿ 30 ಪೈಸೆ.

ಕ್ಯಾಲ್ಕುಲೇಟರನ್ನು ಎರಡು ಸಲ ಒತ್ತಿದೆವು. ಡೆಸಿಮಲ್ ಎಲ್ಲೋ ತಪ್ಪಿದೆ ಅಂದುಕೊಂಡೆವು. ತಪ್ಪಿರಲಿಲ್ಲ. ಆ ತಿಂಗಳಲ್ಲಿ ದುಡ್ಡು ಬಂತಾ ಅಂತ ನೋಡೋಕೆ ಅವ್ವ ಮೂರು ಸಲ ಬ್ಯಾಂಕಿಗೆ ಹೋಗಿದ್ದರು. ಒಂದು ಸಲಕ್ಕೆ ಹೋಗಿಬರುವ ಟಂಟಂ ಚಾರ್ಜು 40 ರೂಪಾಯಿ.

ಈ 33 ರೂಪಾಯಿಯೂ ತಾನಾಗಿ ಬರುವುದಿಲ್ಲ. ಲೆಕ್ಕವನ್ನು ಕಂಪ್ಯೂಟರೇ ಹಾಕುತ್ತದೆ. ಆದರೆ ಅದನ್ನು ಒಪ್ಪುವ ಅಥವಾ ಕಾರಣ ಬರೆದು ತಳ್ಳಿಹಾಕುವ ಅಧಿಕಾರ ಕಾರ್ಯಕ್ರಮಾಧಿಕಾರಿಗೆ ಇದೆ. ನಮ್ಮ ರಾಜ್ಯದಲ್ಲಿ ಅಂದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ.

ದುಡ್ಡು ಬಂದೂ ಬಾರದ ದಿನ

ಕಥೆ ಇಲ್ಲಿಗೆ ಮುಗಿಯಲಿಲ್ಲ. ಜೂನ್ 25ಕ್ಕೆ ಜಮಾ ಆಯಿತು ಅಂದೆವಲ್ಲ, ಅದು ಅವ್ವನಿಗೆ ಗೊತ್ತಾದದ್ದು ಜುಲೈ ಮೂರನೇ ವಾರದಲ್ಲಿ. ಗೆಳೆಯ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋದ ಮೇಲೆ. ಅಷ್ಟರಲ್ಲಿ ಪಂಚಾಯಿತಿಯವರು ಕಂಪ್ಯೂಟರ್ ತೋರಿಸಿ "ನಿನಗ ಬಂದೈತಿ" ಅನ್ನುತ್ತಿದ್ದರು, ಬ್ಯಾಂಕಿನವರು ಪಾಸ್‌ಬುಕ್ ತೋರಿಸಿ "ಬಂದಿಲ್ಲ" ಅನ್ನುತ್ತಿದ್ದರು. ಊರಿನಲ್ಲಿ ಇಂಥ ಮಾತಿಗೆ ಒಂದೇ ಅರ್ಥ: ಯಾರೋ ತಿಂದಿದ್ದಾರೆ.

ಯಾರೂ ತಿಂದಿರಲಿಲ್ಲ. ಇದು ನಮ್ಮ ಬ್ರಾಂಚಿನವರಿಗೆ ಸೆಕೆಂಡಿನಲ್ಲಿ ಅರ್ಥವಾಗುವ ವಿಷಯ. 2024ರ ಜನವರಿ 1ರಿಂದ ಖಾತ್ರಿ ಕೂಲಿಯನ್ನು ಆಧಾರ್ ಆಧಾರಿತ ಪಾವತಿಯಲ್ಲಿ ಕೊಡಬೇಕು ಅಂತ ಕಡ್ಡಾಯ ಮಾಡಿದ್ದಾರೆ. ಈ ಪದ್ಧತಿಯಲ್ಲಿ ಹಣ ಹೋಗುವುದು ಜಾಬ್ ಕಾರ್ಡಿನಲ್ಲಿ ಬರೆದ ಖಾತೆ ಸಂಖ್ಯೆಗೆ ಅಲ್ಲ, ಆಧಾರ್ ಸಂಖ್ಯೆಗೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನುವ ಒಂದು ಪಟ್ಟಿ ಎನ್‌ಪಿಸಿಐ ಹತ್ತಿರ ಇದೆ, ಅದಕ್ಕೆ ಮ್ಯಾಪರ್ ಅಂತಾರೆ. ಆಧಾರ್ ಸಂಖ್ಯೆ ಕೀ, ಬ್ಯಾಂಕ್ ವ್ಯಾಲ್ಯೂ. ಒಂದು ಕೀಗೆ ಒಂದೇ ವ್ಯಾಲ್ಯೂ. ಹೊಸದು ಬರೆದರೆ ಹಳೆಯದು ಅಳಿಸಿಹೋಗುತ್ತದೆ.

ಅವ್ವ ಹೋದ ವರ್ಷ ಊರಿನಲ್ಲಿ ನಡೆದ ಒಂದು ಕ್ಯಾಂಪಿನಲ್ಲಿ ಇನ್ನೊಂದು ಬ್ಯಾಂಕಿನ ಖಾತೆ ಮಾಡಿಸಿದ್ದರು. ಹೆಬ್ಬೆಟ್ಟು ಒತ್ತಿ ಎಂದರು, ಒತ್ತಿದರು. ಆ ಅರ್ಜಿಯಲ್ಲೇ ಸರ್ಕಾರಿ ಹಣ ಈ ಖಾತೆಗೆ ಬರಲಿ ಅನ್ನುವ ಒಪ್ಪಿಗೆಯೂ ಇತ್ತು. ಆವತ್ತೇ ಮ್ಯಾಪರಿನಲ್ಲಿ ವ್ಯಾಲ್ಯೂ ಬದಲಾಯಿತು. ಆಮೇಲೆ ಅವರು ಆ ಖಾತೆಯನ್ನು ಮರೆತೇಬಿಟ್ಟಿದ್ದರು. ಈ ವರ್ಷದ ಮೊದಲ ಕೂಲಿ ಬಂದದ್ದು ಅಲ್ಲಿಗೆ.

ಇದನ್ನು ಪತ್ತೆ ಮಾಡಲು ಗೆಳೆಯನಿಗೆ ಹತ್ತು ನಿಮಿಷ ಸಾಕಾಯಿತು. `myaadhaar.uidai.gov.in` ತೆರೆದು, ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬಂದ ಒಟಿಪಿ ಹಾಕಿ, `Bank Seeding Status` ಒತ್ತಿದ. ಮರೆತುಹೋದ ಬ್ಯಾಂಕಿನ ಹೆಸರು ಬಂತು. ಮರುದಿನ ಅಲ್ಲಿಗೆ ಹೋದರೆ 2220 ರೂಪಾಯಿ ಹಾಗೇ ಕೂತಿತ್ತು. ಹಳೆಯ ಬ್ಯಾಂಕಿಗೇ ಬರಬೇಕು ಅಂದರೆ, ಆ ಬ್ಯಾಂಕಿಗೆ ಹೋಗಿ ಸರ್ಕಾರಿ ಹಣ ಇಲ್ಲಿಗೇ ಬರಲಿ ಅಂತ ಆಧಾರ್ ಜೋಡಣೆ ಅರ್ಜಿ ಕೊಡಬೇಕು. ಖಾತೆಗೆ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸಿದ್ದೀವಲ್ಲ ಅಂದರೆ ಸಾಲದು. ಕೆವೈಸಿ ಬೇರೆ, ಮ್ಯಾಪರ್ ಬೇರೆ.

ಹತ್ತು ನಿಮಿಷದ ಕೆಲಸಕ್ಕೆ ಸುಮಾರು ಒಂದು ತಿಂಗಳು ಹಿಡಿಯಿತು. ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಗ ಇದ್ದಾನೆ ಅಂತ ಒಂದು ತಿಂಗಳು. ಇಲ್ಲದ ಮನೆಯಲ್ಲಿ ಎಷ್ಟು?

ನಾವು ಜಗಳ ಆಡಿದ ಜಾಗ

ಹೊಸ ಪುಟ ಬರೆಯುವಾಗ ನಮ್ಮಲ್ಲೇ ಎರಡು ವಿಷಯಕ್ಕೆ ಜಗಳ ಆಯಿತು. ಅದನ್ನೂ ಹೇಳಿಬಿಡುತ್ತೇವೆ.

ಮೊದಲನೆಯದು, 33 ರೂಪಾಯಿಯ ವಿಷಯ ಬರೆಯಬೇಕಾ ಬೇಡವಾ. 'ತಡವಾದರೆ ಪರಿಹಾರ ಉಂಟು' ಅಂತ ಬರೆದು ನಿಲ್ಲಿಸೋಣ, ಮೊತ್ತ ಬರೆದರೆ ಯಾರೂ ಕೇಳೋಕೇ ಹೋಗಲ್ಲ ಅಂತ ನಮ್ಮಲ್ಲಿ ಒಬ್ಬಳ ವಾದ. ಕೊನೆಗೆ ಬರೆಯೋಣ ಅಂತಲೇ ತೀರ್ಮಾನವಾಯಿತು. ಮೊತ್ತ ಮುಚ್ಚಿಟ್ಟು ಆಸೆ ಹುಟ್ಟಿಸುವುದು ಮೋಸ. ಅದಕ್ಕಿಂತ ಮುಖ್ಯವಾಗಿ, ಪರಿಹಾರ ಕೇಳುವುದು ಆ 33 ರೂಪಾಯಿಗಾಗಿ ಅಲ್ಲ. ಕೇಳಿ ಪಡೆದರೆ ತಡವಾಯಿತು ಅಂತ ಸರ್ಕಾರವೇ ಬರೆದು ಒಪ್ಪಿಕೊಂಡ ಹಾಗೆ. ಕೇಳದಿದ್ದರೆ ಆ ತಡ ಯಾವ ಲೆಕ್ಕಕ್ಕೂ ಸಿಗಲ್ಲ. ಹೀಗಿದ್ದರೂ ಈ ದರ ನ್ಯಾಯವಲ್ಲ ಅಂತಲೇ ನಮ್ಮ ಅಭಿಪ್ರಾಯ. ವರ್ಷಕ್ಕೆ ಲೆಕ್ಕ ಹಾಕಿದರೆ ಇದು 18.25 ಶೇಕಡಾ, ಕೇಳೋಕೆ ದೊಡ್ಡದಾಗಿ ಕಾಣುತ್ತದೆ. ಆದರೆ ಇದು ಸಾಲದ ಬಡ್ಡಿ ಅಲ್ಲ, ಆ ವಾರದ ಅಕ್ಕಿ ಬೇಳೆಯ ದುಡ್ಡು ಕೈಗೆ ಸಿಗದೆ ಹೋದದ್ದಕ್ಕೆ ಕೊಡುವ ಪರಿಹಾರ. ಶೇಕಡಾ ಲೆಕ್ಕ ಬಿಟ್ಟು, ದಿನಕ್ಕೆ ಇಷ್ಟು ಅಂತ ಒಂದು ಕನಿಷ್ಠ ಮೊತ್ತ ಇಡಬೇಕು. ತಡ ಮಾಡಿದವರಿಗೆ ಬಿಸಿ ತಟ್ಟದ ಪರಿಹಾರ ತಡವನ್ನು ನಿಲ್ಲಿಸಲ್ಲ.

ಎರಡನೆಯ ಜಗಳ ಇನ್ನೂ ಕಷ್ಟದ್ದು. ರಸೀದಿ ಕೇಳಿ ಅಂತ ನಾವು ಬರೆದುಬಿಡುತ್ತೇವೆ, ಎರಡು ದಿನ ಕ್ಯಾಂಪ್ ಮಾಡಿ ಬಸ್ ಹತ್ತಿ ಬರುತ್ತೇವೆ. ಅಲ್ಲೇ ಇರಬೇಕಾದವರು ಅವರು. ರಸೀದಿ ಕೇಳಿದವಳ ಹೆಸರು ಮುಂದಿನ ಪಟ್ಟಿಯಲ್ಲಿ ಬರದಿದ್ದರೆ? ಈ ಪ್ರಶ್ನೆ ಎತ್ತಿದ್ದು ಗೆಳೆಯನೇ. ನಮಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟದ್ದು ಅವ್ವ. "ಒಬ್ಬಾಕಿ ಹೋದ್ರ ಹಂಗ ಮಾಡ್ತಾರ. ನಾವು ಕೆರಿ ಕೆಲಸಕ್ಕ ಹೋಗೋರು ಇಪ್ಪತ್ತು ಮಂದಿ ಅದೀವಿ. ಎಲ್ಲಾರೂ ಒಂದ ಕಾಗದದಾಗ ಬರದು ಒಂದ ರಸೀದಿ ತಗೊಂಡ್ರ ಯಾರ ಹೆಸರು ಬಿಡ್ತಾರ?" ಗುಂಪಾಗಿ ಅರ್ಜಿ ಕೊಡಬಹುದು ಅಂತ ನಿಯಮದಲ್ಲಿ ನಾವು ಓದಿದ್ದೆವು. ಅದು ಯಾಕಿದೆ ಅಂತ ಅರ್ಥವಾದದ್ದು ಆವಾಗ.

ಪಂಚಾಯಿತಿಯವರ ಕಡೆಯಿಂದಲೂ ಒಂದು ಮಾತಿದೆ. ಬೇಡಿಕೆಯನ್ನು ಬಂದ ದಿನವೇ ಕಂಪ್ಯೂಟರಿಗೆ ಹಾಕಿದರೆ, ಮಂಜೂರಾದ ಕೆಲಸ ಇಲ್ಲದಿದ್ದಾಗ ಭತ್ಯೆಯ ಹೊಣೆ ತಲೆಮೇಲೆ ಬರುತ್ತದೆ. ಅದಕ್ಕೇ ಕೆಲಸ ಸಿದ್ಧವಾದ ಮೇಲೆ ಬೇಡಿಕೆ ಹಾಕುವ ಅಭ್ಯಾಸ. ಕೆಳಗಿನ ಸಿಬ್ಬಂದಿಯ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಬೇಡಿಕೆಗೆ ತಕ್ಕಂತೆ ಕೆಲಸ ಕೊಡುವ ಕಾನೂನನ್ನು ಇದು ಕೆಲಸಕ್ಕೆ ತಕ್ಕಂತೆ ಬೇಡಿಕೆ ಬರೆಯುವ ಕಾನೂನಾಗಿ ತಿರುಗಿಸಿಬಿಡುತ್ತದೆ. ಏಪ್ರಿಲ್‌ನಲ್ಲಿ ಎಷ್ಟು ಜನ ಕೆಲಸವಿಲ್ಲದೆ ಕೂತಿದ್ದರು ಅಂತ ಬೆಂಗಳೂರಿಗೂ ಗೊತ್ತಾಗಲ್ಲ, ದಿಲ್ಲಿಗೂ ಗೊತ್ತಾಗಲ್ಲ. ಆಮೇಲೆ ಬೇಡಿಕೆಯೇ ಇರಲಿಲ್ಲ ಅಂತ ಹೇಳುವುದು ಸುಲಭ.

ಆದ್ದರಿಂದ ನಾವು ಕೇಳುವುದು ಎರಡೇ. ರಸೀದಿಯನ್ನು ಯಾರೂ ಕೇಳದೇ ಕೊಡಬೇಕು, ಅಂಗಡಿಯಲ್ಲಿ ಬಿಲ್ ಕೊಡುವ ಹಾಗೆ. ಮತ್ತು ಕೂಲಿ ಯಾವ ಬ್ಯಾಂಕಿಗೆ ಹೋಗುತ್ತದೆ ಅನ್ನುವುದನ್ನು ಹಾಜರಿ ಪಟ್ಟಿ ತೆಗೆಯುವ ಮುಂಚೆ ಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ, ಜಾಬ್ ಕಾರ್ಡಿನಲ್ಲಿ ಬರೆದುಕೊಡಬೇಕು. ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಪೆನ್ನು ಸಾಕು.

ಕೊನೆಗೆ ಉಳಿದ ಪುಟ

ಹದಿನಾಲ್ಕು ಪಾಯಿಂಟು ಇದ್ದ ನಮ್ಮ ಪುಟ ಈಗ ಹೀಗಿದೆ. 'ಅಕುಶಲ ದೈಹಿಕ' ಹೋಯಿತು. ಅವ್ವನಿಗೆ ಮತ್ತೆ ಓದಿ ಹೇಳಿ, ಅವರು ತಿದ್ದಿಸಿದ ಮೇಲೆ ಪ್ರಿಂಟಿಗೆ ಕೊಟ್ಟಿದ್ದೇವೆ.

*ಜಾಬ್ ಕಾರ್ಡ್ ನಿಮ್ಮ ಮನೆಯಲ್ಲೇ ಇರಲಿ. ಯಾರಿಗೂ ಇಟ್ಟುಕೊಳ್ಳಲು ಕೊಡಬೇಡಿ.*

*ಕೆಲಸ ಬೇಕಾದರೆ ನಮೂನೆ 6 ಕೊಡಿ. ಗುಂಪಾಗಿ ಹೋಗಿ. ತಾರೀಖು ಹಾಕಿದ ರಸೀದಿ ಇಲ್ಲದೆ ವಾಪಸ್ ಬರಬೇಡಿ. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ಭತ್ಯೆ ಕೇಳಿ, ದಿನಕ್ಕೆ ಕನಿಷ್ಠ ಕಾಲು ಭಾಗ ಕೂಲಿ. ಕೆಲಸ ಕೊಟ್ಟಾಗ ಹೋಗದಿದ್ದರೆ ಭತ್ಯೆ ಇಲ್ಲ.*

*ಕೆಲಸದ ವಾರ ಮುಗಿದ ದಿನ, ಎನ್‌ಎಂಆರ್ ಯಾವತ್ತು ಮುಗಿಯಿತು ಅಂತ ಕಾಯಕ ಬಂಧುವನ್ನು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ 15 ದಿನದೊಳಗೆ ಕೂಲಿ ಬರಬೇಕು. ಬರದಿದ್ದರೆ ಪಂಚಾಯಿತಿಯಲ್ಲಿ ಒಂದೇ ಮಾತು ಕೇಳಿ: "ಎಫ್‌ಟಿಒ ಯಾವ ತಾರೀಖಿಗೆ ಆಯಿತು?" ಆಗಿಲ್ಲ ಅಂದರೆ ತಡ ಇಲ್ಲಿದೆ. ಆಗಿದೆ ಅಂದರೆ ತಡ ಮೇಲಿದೆ. ಎರಡಕ್ಕೂ ಪರಿಹಾರ ಇದೆ, ಸಣ್ಣದು, ಆದರೂ ಕೇಳಿ.*

*ಬಂದಿದೆ ಅಂತ ಪಂಚಾಯಿತಿ, ಬಂದಿಲ್ಲ ಅಂತ ಬ್ಯಾಂಕ್ ಹೇಳಿದರೆ, ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿಸಿ. ನೀವು ಮರೆತ ಖಾತೆಯಲ್ಲಿ ಇರಬಹುದು.*

*ದೂರು ಇದ್ದರೆ ತಾಲ್ಲೂಕು ಪಂಚಾಯಿತಿ ಇಒ ಅವರಿಗೆ ಬರೆದುಕೊಡಿ. ದೂರಿನ ಪುಸ್ತಕದಲ್ಲಿ ದಾಖಲಿಸಿ 7 ದಿನದಲ್ಲಿ ಇತ್ಯರ್ಥ ಮಾಡಬೇಕು. ಅದಕ್ಕೂ ರಸೀದಿ ತಗೊಳ್ಳಿ.*

ನೂರು ದಿನದ ಮಾತು ಎಲ್ಲಿ ಅಂತ ಕೇಳಬಹುದು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇದೆ. ಅದು ಎಲ್ಲರಿಗೂ ಗೊತ್ತು ಅಂದರು ಅವ್ವ.

ಕ್ಯಾಂಪಿಗೆ ಬರುವವರಿಗೆ ಒಂದು ವಿನಂತಿ. ಪುಟ ಹಂಚಿ ಫೋಟೋ ತೆಗೆಸಿಕೊಂಡು ಬರುವುದು ಬೇಡ. ಒಂದು ಮಧ್ಯಾಹ್ನ ಪಂಚಾಯಿತಿ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋಣ. ಯಾರ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಅವರ ಮುಂದೆಯೇ, ಅವರ ಫೋನಿಗೆ ಬಂದ ಒಟಿಪಿಯಲ್ಲೇ ನೋಡಿ, ಜಾಬ್ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಡೋಣ. ಆಧಾರ್ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ನಾವು ಎಲ್ಲೂ ಬರೆದಿಟ್ಟುಕೊಳ್ಳುವುದು ಬೇಡ. ಒಬ್ಬರಿಗೆ ಹತ್ತು ನಿಮಿಷ. ಆರು ಜನ ಕೂತರೆ ಒಂದು ಮಧ್ಯಾಹ್ನಕ್ಕೆ ನೂರು ಮನೆ ಮುಗಿಯುತ್ತದೆ.

ಅಂದಹಾಗೆ, ಆಗಸ್ಟ್ 4ಕ್ಕೆ ಅವ್ವ ಮತ್ತು ಅವರ ಕೆರೆ ಗುಂಪಿನವರು ಒಂದೇ ಕಾಗದದಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟಿದ್ದಾರೆ. ಮೊದಲು "ರಸೀದಿ ಬುಕ್ ಖಾಲಿ ಐತಿ" ಅಂದರಂತೆ. ಇವರು ಕಟ್ಟೆಯ ಮೇಲೆ ಕೂತರಂತೆ. ಅರ್ಧ ಗಂಟೆಯಲ್ಲಿ ಬುಕ್ ಸಿಕ್ಕಿತು. ಹದಿನೈದು ದಿನ ಆಗಸ್ಟ್ 19ಕ್ಕೆ ಮುಗಿಯುತ್ತದೆ. ಗೆಳೆಯ ಅದನ್ನು ಹಾಸ್ಟೆಲ್ ರೂಮಿನ ಕ್ಯಾಲೆಂಡರಿನಲ್ಲಿ, ಎರಡನೇ ಇಂಟರ್ನಲ್ಸ್ ತಾರೀಖಿನ ಪಕ್ಕದಲ್ಲಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡಿದ್ದಾನೆ.